ಅತಿಥಿಗೆ ಕೊಡುವ ‘ಹತ್ತಿರದ ಜಾಗಗಳ’ ಚೀಟಿ: ಅಚ್ಚಿನ ಕಾರ್ಡೋ, ಕ್ಯೂಆರ್ ಪುಟವೋ, ಬಾಯಿಮಾತೋ?

ಹೋಟೆಲು, ಹೋಮ್‌ಸ್ಟೇ, ಸರ್ವಿಸ್ ಅಪಾರ್ಟ್‌ಮೆಂಟ್ ನಡೆಸುವವರು ಪದೇ ಪದೇ ಕೇಳುವ ಪ್ರಶ್ನೆ ಇದು: ಸುತ್ತಮುತ್ತ ಊಟ ಮಾಡುವ, ನೋಡುವ ಜಾಗಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಕೋಣೆಯಲ್ಲಿಡಬೇಕೋ, ಕ್ಯೂಆರ್ ಕೋಡ್ ಅಂಟಿಸಬೇಕೋ, ರಿಸೆಪ್ಷನ್‌ನಲ್ಲಿ ಕೂತವರು ಕೇಳಿದವರಿಗೆ ಹೇಳಿದರೆ ಸಾಕೋ? ಕೇಳುವವರಲ್ಲಿ ಹೆಚ್ಚಿನವರು ಆಗಲೇ ಕಾಗದ ಎಷ್ಟು ದಪ್ಪ ಇರಬೇಕು, ಫೋಟೊ ಎಲ್ಲಿ ಬರಬೇಕು ಎಂದು ತಲೆ ಕೆಡಿಸಿಕೊಂಡಿರುತ್ತಾರೆ. ಆದರೆ ಹೊರಗೆ ಹೋದ ಅತಿಥಿ ಮುಖ ಗಂಟಿಕ್ಕಿಕೊಂಡು ವಾಪಸಾಗುವುದು ಕಾಗದದ ಕಾರಣಕ್ಕಲ್ಲ. ಹತ್ತು ನಿಮಿಷ ಅಂದದ್ದು ಇಪ್ಪತ್ತಾಯಿತು ಅಂತ, ಇಲ್ಲವೇ ತೆರೆದಿರುತ್ತೆ ಅಂದ ಕಡೆ ಬೀಗ ಬಿದ್ದಿತ್ತು ಅಂತ.

ಹಾಗಾಗಿ ಮೂರು ದಾರಿಗಳನ್ನು ತೂಗುವ ಮೊದಲು ಯಾವ ತಕ್ಕಡಿಯಲ್ಲಿ ತೂಗಬೇಕು ಅನ್ನುವುದನ್ನು ಇತ್ಯರ್ಥ ಮಾಡಿಕೊಳ್ಳೋಣ. ನಾನು ನೋಡುವುದು ನಾಲ್ಕು ವಿಷಯ. ಬರೆದ ನಿಮಿಷ ನಿಧಾನ ನಡೆಯುವವರಿಗೂ ಹೊಂದುತ್ತದೆಯೇ? ಬರೆದ ವೇಳೆಗೆ ಹೋದವರಿಗೆ ನಿಜವಾಗಿ ಊಟವೋ ಟಿಕೆಟ್ಟೋ ಸಿಗುತ್ತದೆಯೇ? ಏನಾದರೂ ಬದಲಾದರೆ ಪಟ್ಟಿಯನ್ನು ತಿದ್ದುವವರು ಯಾರು, ತಿದ್ದಲು ಎಷ್ಟು ಹೊತ್ತು ಬೇಕು? ಕೊನೆಯದಾಗಿ, ಅತಿಥಿ ಇದನ್ನು ಓದುವುದು ಯಾವ ಗಳಿಗೆಯಲ್ಲಿ: ಬೆಳಿಗ್ಗೆ ಆರಾಮಾಗಿ ಕೂತೋ, ಅಥವಾ ರಾತ್ರಿ ಒಂಬತ್ತಕ್ಕೆ ಬ್ಯಾಗು ಇಳಿಸಿ, ಹಸಿದ ಮಗುವನ್ನು ಎತ್ತಿಕೊಂಡೋ?

ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಸರಿಯಿಲ್ಲದಿದ್ದರೆ ಮೂರು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಒಂದೇ. ಅದಕ್ಕೇ ನಿಮಿಷ ಮತ್ತು ವೇಳೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು.

ನಿಮಿಷ ಎಲ್ಲಿಂದ ತರುವುದು

ನಡಿಗೆಯ ಹೊತ್ತನ್ನು ಮೂರು ಬಗೆಯಲ್ಲಿ ಪಡೆಯಬಹುದು. ಮ್ಯಾಪ್ ಆ್ಯಪ್ ತೋರಿಸಿದ್ದನ್ನು ಹಾಗೇ ಇಳಿಸಿಕೊಳ್ಳಬಹುದು, ದೂರ ಹಿಡಿದು ಲೆಕ್ಕ ಹಾಕಬಹುದು, ಅಥವಾ ಒಮ್ಮೆ ನಡೆದೇ ನೋಡಬಹುದು.

ಆ್ಯಪ್‌ನ ಸಂಖ್ಯೆ ಸುಳ್ಳಲ್ಲ, ಆದರೆ ಅದು ಒಂದೇ ವೇಗದಲ್ಲಿ, ಎಲ್ಲೂ ನಿಲ್ಲದೆ ನಡೆಯುವ ಗಟ್ಟಿಮುಟ್ಟಾದ ಒಬ್ಬರ ಹೊತ್ತು. ಅದು ಶುರುವಾಗುವುದೂ ರಸ್ತೆಯ ಮೇಲಿನ ಗುರುತಿನಿಂದ. ನಿಮ್ಮ ಅತಿಥಿ ಹೊರಡುವುದು ನಾಲ್ಕನೇ ಮಹಡಿಯ ಕೋಣೆಯಿಂದ. ಲಿಫ್ಟ್ ಬರಬೇಕು, ಲಾಬಿ ದಾಟಬೇಕು, ಅಂಗಳ ದೊಡ್ಡದಿದ್ದರೆ ಗೇಟು ಮುಟ್ಟಬೇಕು. ಹೋಗುವ ಜಾಗದ ಗುರುತೂ ಎಷ್ಟೋ ಸಲ ಕಟ್ಟಡದ ನಡುವೆ ಬಿದ್ದಿರುತ್ತದೆ, ಬಾಗಿಲು ಇರುವುದು ಆಚೆ ಬೀದಿಯಲ್ಲಿ.

ಲೆಕ್ಕ ಹಾಕುವವರಿಗೆ ಜಪಾನಿನ ಒಂದು ನಿಯಮ ಅನುಕೂಲ. ಅಲ್ಲಿ ಮನೆ, ಫ್ಲ್ಯಾಟ್‌ಗಳ ಜಾಹೀರಾತಿನಲ್ಲಿ ‘ನಿಲ್ದಾಣದಿಂದ ಇಷ್ಟು ನಿಮಿಷ’ ಎಂದು ಬರೆಯಬೇಕಾದರೆ ರಸ್ತೆಯ ದೂರದ 80 ಮೀಟರಿಗೆ 1 ನಿಮಿಷ ಹಿಡಿಯಬೇಕು, ಮಿಕ್ಕ ಚೂರನ್ನೂ ಪೂರ್ತಿ ನಿಮಿಷವಾಗಿ ಎಣಿಸಬೇಕು. ಸಿಗ್ನಲ್ಲಿನಲ್ಲಿ ಕಾಯುವ ಹೊತ್ತು, ಏರುದಾರಿ ಅದರಲ್ಲಿ ಬರುವುದಿಲ್ಲ. ಎಲ್ಲರೂ ಒಂದೇ ಅಳತೆ ಬಳಸುವುದರಿಂದ ಎರಡು ಜಾಗಗಳನ್ನು ಹೋಲಿಸಲು ಅದು ಸಾಕು. ಆದರೆ ಮೊಣಕಾಲು ನೋವಿರುವ ಹಿರಿಯರಿಗೋ ಮಗುವಿನ ಕೈ ಹಿಡಿದು ಹೊರಟವರಿಗೋ 80 ಮೀಟರ್ ಬಹಳ ಜೋರಾಯಿತು. ನಾನು ಅವರಿಗೆ ನಿಮಿಷಕ್ಕೆ 60 ಮೀಟರ್ ಹಿಡಿಯುತ್ತೇನೆ. ಏರಿಗೆ ನೇಯ್‌ಸ್ಮಿತ್ ಎಂಬ ಸ್ಕಾಟ್ಲೆಂಡಿನ ಚಾರಣಿಗ 1892ರಲ್ಲಿ ಹೇಳಿದ ಸೂತ್ರ ಈಗಲೂ ಬಳಕೆಯಲ್ಲಿದೆ. ಅದರ ತಿರುಳು ಇಷ್ಟು: ಪ್ರತಿ 600 ಮೀಟರ್ ಎತ್ತರಕ್ಕೆ ಒಂದು ಗಂಟೆ ಹೆಚ್ಚು, ಅಂದರೆ 10 ಮೀಟರ್ ಏರಿದರೆ 1 ನಿಮಿಷ. ಬೆಟ್ಟಕ್ಕೆ ಮಾಡಿದ ಸೂತ್ರವಾದರೂ ಊರೊಳಗಿನ ಏರಿಗೂ ಅಂದಾಜು ಕೊಡುತ್ತದೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಊಟದ ಜಾಗ 650 ಮೀಟರ್ ದೂರದಲ್ಲಿದೆ, ಆ್ಯಪ್ 8 ನಿಮಿಷ ಅನ್ನುತ್ತದೆ. ಕೋಣೆಯಿಂದ ಗೇಟಿಗೆ 2 ನಿಮಿಷ. ದಾರಿಯಲ್ಲಿ ಒಂದು ದೊಡ್ಡ ಸಿಗ್ನಲ್. ಕೆಲವೊಮ್ಮೆ ತಕ್ಷಣ ದಾಟಬಹುದು, ಕೆಲವೊಮ್ಮೆ ಪೂರ್ತಿ ಕಾಯಬೇಕು, ಹಾಗಾಗಿ 1 ನಿಮಿಷ ಇಟ್ಟುಕೊಳ್ಳಿ. ಕೊನೆಯಲ್ಲಿ 20 ಮೀಟರ್ ಎತ್ತರದ ಏರು, ಅದಕ್ಕೆ 2 ನಿಮಿಷ. ಬಿರುಸಾಗಿ ನಡೆಯುವವರಿಗೆ ನಡಿಗೆ 8, ಎಲ್ಲ ಸೇರಿ 13 ನಿಮಿಷ. ನಿಧಾನ ನಡೆಯುವವರಿಗೆ 650 ಮೀಟರೇ 11 ನಿಮಿಷ ಹಿಡಿಯುತ್ತದೆ, ಒಟ್ಟು 16. ಚೀಟಿಯಲ್ಲಿ ‘13ರಿಂದ 16 ನಿಮಿಷ, ಹೋಗುವಾಗ ಏರು’ ಎಂದು ಬರೆದರೆ ಯಾರೂ ಬೇಸರ ಪಟ್ಟುಕೊಳ್ಳುವುದಿಲ್ಲ. ‘8 ನಿಮಿಷ’ ಎಂದು ಬರೆದರೆ ಅರ್ಧ ದಾರಿಯಲ್ಲೇ ನಿಮ್ಮ ಹೆಸರು ಹೇಳಿ ಗೊಣಗುವವರು ಇರುತ್ತಾರೆ. ‘ಇಲ್ಲೇ ಕೂಗಳತೆ ದೂರ’ ಅನ್ನುವ ಮಾತಂತೂ ಚೀಟಿಯಲ್ಲಿ ಬರಲೇಬಾರದು.

ಇಷ್ಟು ಲೆಕ್ಕ ಹಾಕಿದ ಮೇಲೂ ನಡೆದೇ ನೋಡಬೇಕು ಅನ್ನಲು ಒಂದೇ ಕಾರಣ ಇದೆ: ರಾತ್ರಿ. ಆ್ಯಪ್ ತೋರಿಸುವ ಹತ್ತಿರದ ದಾರಿ ಪಾರ್ಕಿನ ಒಳಗಿಂದಲೋ ಯಾವುದೋ ಸಂಸ್ಥೆಯ ಕ್ಯಾಂಪಸ್ಸಿನ ಒಳಗಿಂದಲೋ ಹೋಗಿದ್ದರೆ ಹಗಲಲ್ಲಿ ತೊಂದರೆ ಇಲ್ಲ. ಕತ್ತಲಾದ ಮೇಲೆ ಗೇಟು ಹಾಕಿದರೆ ಸುತ್ತು ಹಾಕಿ ಬರಬೇಕು, ಹೊತ್ತು ಇಮ್ಮಡಿಯಾಗುತ್ತದೆ. ಫುಟ್‌ಪಾತ್ ಎಲ್ಲಿ ಕೊನೆಯಾಗುತ್ತದೆ, ದೀಪ ಎಲ್ಲಿ ಇಲ್ಲ ಅನ್ನುವುದೂ ನಡೆದವರಿಗೇ ಗೊತ್ತಾಗುವುದು. ಊಟದ ಜಾಗಗಳನ್ನು ಹೆಚ್ಚಿನವರು ಕೇಳುವುದು ರಾತ್ರಿಗೆ. ಹಾಗಾಗಿ ಅವುಗಳ ದಾರಿಯನ್ನು ಕತ್ತಲಾದ ಮೇಲೆ, ನೋಡುವ ಜಾಗಗಳ ದಾರಿಯನ್ನು ಹಗಲಲ್ಲಿ, ಸಿಬ್ಬಂದಿಯಲ್ಲಿ ಅತಿ ನಿಧಾನ ನಡೆಯುವವರನ್ನು ಜೊತೆಗೆ ಕರೆದುಕೊಂಡು ನಡೆಯಿರಿ.

ವೇಳೆ ಎಂದರೆ ಯಾವ ವೇಳೆ

‘ರಾತ್ರಿ 10:30ರವರೆಗೆ’ ಎಂದು ಬೋರ್ಡಿನಲ್ಲಿ ಇರುವುದು ಬಾಗಿಲು ಮುಚ್ಚುವ ಹೊತ್ತು. ಅಡುಗೆಮನೆ ಕೊನೆಯ ಆರ್ಡರ್ ತೆಗೆದುಕೊಳ್ಳುವುದು ಅದಕ್ಕೂ ಮೊದಲು, ಹಲವು ಕಡೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಮೊದಲು. ಮಧ್ಯಾಹ್ನ ಮತ್ತು ಸಂಜೆಯ ನಡುವೆ ಅಡುಗೆಮನೆ ಮುಚ್ಚುವ ಜಾಗಗಳೂ ಇವೆ. ಬಾಗಿಲು ತೆರೆದಿರುತ್ತದೆ, ಊಟ ಸಿಗುವುದಿಲ್ಲ. ವಸ್ತುಸಂಗ್ರಹಾಲಯ, ಕೋಟೆ, ತೋಟಗಳಲ್ಲಿ ಟಿಕೆಟ್ ಕೌಂಟರ್ ಮೊದಲೇ ಮುಚ್ಚುತ್ತದೆ. ವಾರದ ರಜೆಯೂ ಎಲ್ಲ ಕಡೆ ಒಂದೇ ಅಲ್ಲ: ಜಗತ್ತಿನ ಎಷ್ಟೋ ವಸ್ತುಸಂಗ್ರಹಾಲಯಗಳು ಸೋಮವಾರ ಮುಚ್ಚಿದರೆ ಪ್ಯಾರಿಸ್ಸಿನ ಲೂವ್ರ್ ಮುಚ್ಚುವುದು ಮಂಗಳವಾರ. ಸೂರ್ಯಾಸ್ತಕ್ಕೆ ಮುಚ್ಚುವ ಜಾಗಗಳಿಗೆ ಋತುವಿಗೆ ತಕ್ಕಂತೆ ಹೊತ್ತು ಸರಿಯುತ್ತಲೇ ಇರುತ್ತದೆ.

ಅತಿಥಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಅವರಿಗೆ ಬೇಕಾದದ್ದು ಒಂದೇ, ಎಷ್ಟು ಗಂಟೆಯೊಳಗೆ ಹೊರಡಬೇಕು ಅನ್ನುವುದು. ಮೇಲಿನ ಊಟದ ಜಾಗದಲ್ಲಿ ಕೊನೆಯ ಆರ್ಡರ್ 9:45 ಎಂದಿಟ್ಟುಕೊಳ್ಳಿ. ನಡಿಗೆಗೆ 16 ನಿಮಿಷ, ಕೂತು ಮೆನು ನೋಡಲು ನಾಲ್ಕೈದು ನಿಮಿಷ. ಅಂದರೆ 9:25ರೊಳಗೆ ಕೋಣೆ ಬಿಡಬೇಕು. ಚೀಟಿಯಲ್ಲಿ 10:30 ಎಂಬ ಸಂಖ್ಯೆಯನ್ನು ಕಾಣಿಸಲೇಬೇಡಿ. ಕಂಡರೆ ಹತ್ತು ಗಂಟೆಗೆ ಹೊರಡುತ್ತಾರೆ. ನೋಡುವ ಜಾಗಕ್ಕೂ ಇದೇ ಲೆಕ್ಕ. 5:30ಕ್ಕೆ ಮುಚ್ಚುವ, ಒಳಗೆ ಸುತ್ತಲು ಒಂದೂಕಾಲು ಗಂಟೆ ಬೇಕಾದ, 20 ನಿಮಿಷ ನಡೆಯಬೇಕಾದ ಜಾಗಕ್ಕೆ 3:55ಕ್ಕೆ ಹೊರಡಲೇಬೇಕು. ಕೌಂಟರ್ 4:45ರವರೆಗೆ ಇದ್ದರೂ ಆ ಹೊತ್ತಿಗೆ ಹೋದವರು ಅರ್ಧ ನೋಡಿ ಸಿಡುಕುತ್ತಾ ಬರುತ್ತಾರೆ.

ಈ ವೇಳೆಯನ್ನು ಎಲ್ಲಿಂದ ತಿಳಿಯುವುದು? ಆ್ಯಪ್‌ನಲ್ಲಿ ಇರುವುದನ್ನು ಮೊದಲ ಅಂದಾಜಿಗೆ ಇಟ್ಟುಕೊಳ್ಳಿ. ವಾರದ ಏಳೂ ದಿನ ಒಂದೇ ವೇಳೆ ಬರೆದಿದ್ದರೆ ನನಗೆ ಅನುಮಾನ. ಯಾರೋ ಒಮ್ಮೆ ತುಂಬಿಸಿ ಮರೆತಿರುವ ಸಾಧ್ಯತೆ ಹೆಚ್ಚು. ಜನ ಹಾಕಿದ ಫೋಟೊಗಳಲ್ಲಿ ಬಾಗಿಲಿನ ಬೋರ್ಡ್ ಕಂಡರೆ, ಅದೂ ಇತ್ತೀಚಿನದಾದರೆ, ಅದು ಹೆಚ್ಚು ನಂಬಿಕೆಗೆ ತಕ್ಕದ್ದು. ಆಮೇಲೆ ಫೋನ್ ಮಾಡಿ. ಇಲ್ಲಿ ಕೇಳುವ ಬಗೆ ಮುಖ್ಯ. ‘ರಾತ್ರಿ ತೆರೆದಿರುತ್ತೀರಾ?’ ಅಂದರೆ ಬರುವ ಉತ್ತರ ‘ಹೌದು ಸಾರ್, ಬನ್ನಿ’. ಅದರಿಂದ ಏನೂ ತಿಳಿಯುವುದಿಲ್ಲ. ‘ನಾಳೆ ರಾತ್ರಿ ಕೊನೆಯ ಆರ್ಡರ್ ಎಷ್ಟು ಹೊತ್ತಿಗೆ ತಗೋತೀರಿ?’, ‘ಈ ತಿಂಗಳಲ್ಲಿ ಯಾವ ದಿನ ಬಾಗಿಲು ಹಾಕ್ತೀರಿ?’ ಎಂದು ಕೇಳಿದರೆ ಆ ಕಡೆಯವರು ಒಂದು ಕ್ಷಣ ಯೋಚಿಸಿ ಸರಿಯಾದ ಸಂಖ್ಯೆ ಕೊಡುತ್ತಾರೆ.

ಇಲ್ಲಿಂದಲೇ ಉಳಿದೆಲ್ಲ ನಿರ್ಧಾರ ಹೊರಡುತ್ತದೆ. ನಿಮಿಷ ವರ್ಷಗಟ್ಟಲೆ ಬದಲಾಗುವುದಿಲ್ಲ. ಸೇತುವೆಯೋ ರಸ್ತೆ ಅಗೆತವೋ ಬಂದರೆ ಮಾತ್ರ. ವೇಳೆ ಬದಲಾಗುತ್ತಲೇ ಇರುತ್ತದೆ. ಎರಡನ್ನೂ ಒಂದೇ ಕಡೆ ಅಚ್ಚು ಹಾಕಿಸಿದರೆ, ಗಟ್ಟಿಯಾಗಿರುವ ಮಾಹಿತಿಯನ್ನೂ ಹಳಸುವ ಮಾಹಿತಿ ಕೆಡಿಸುತ್ತದೆ.

ಅಚ್ಚಿನ ಕಾರ್ಡ್

ಕೋಣೆಯ ಮೇಜಿನ ಮೇಲೆ ಇರುವ ಕಾರ್ಡನ್ನು ಅತಿಥಿ ಓದೇ ಓದುತ್ತಾರೆ. ಚಾರ್ಜ್ ಬೇಕಿಲ್ಲ, ವೈಫೈ ಪಾಸ್‌ವರ್ಡ್ ಕೇಳಬೇಕಿಲ್ಲ, ಹೊರಡುವಾಗ ಕೈಯಲ್ಲಿ ಹಿಡಿದುಕೊಂಡು ಹೋಗಬಹುದು. ಹಿರಿಯರಿಗೆ, ಫೋನಿನಲ್ಲಿ ಅಕ್ಷರ ಕಾಣದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ನಡಿಗೆಯ ನಿಮಿಷ, ಕೈಯಲ್ಲಿ ಬರೆದಂಥ ಸರಳ ನಕ್ಷೆ, ‘ಸಿಗ್ನಲ್ ದಾಟಿ ಎಡಕ್ಕೆ’ ಎಂಬ ಗುರುತು, ಇವಕ್ಕೆ ಕಾರ್ಡೇ ಸರಿ.

ಕಷ್ಟ ಇರುವುದು ತಿದ್ದುವುದರಲ್ಲಿ. ದೊಡ್ಡ ಸಂಖ್ಯೆಯಲ್ಲಿ ಅಚ್ಚು ಹಾಕಿಸಿದರೆ ಒಂದೊಂದಕ್ಕೆ ಖರ್ಚು ಕಡಿಮೆ ಬೀಳುತ್ತದೆ, ಅದೇ ಆಸೆಗೆ ಎರಡು ವರ್ಷಕ್ಕಾಗುವಷ್ಟು ಹಾಕಿಸುತ್ತಾರೆ. ನಡುವೆ ಒಂದು ಜಾಗ ಮುಚ್ಚಿಹೋದರೆ ಉಳಿದ ಕಟ್ಟುಗಳನ್ನು ಎಸೆಯಲು ಮನಸ್ಸು ಬರುವುದಿಲ್ಲ. ಲ್ಯಾಮಿನೇಟ್ ಮಾಡಿಸಿದ್ದರಂತೂ ಪೆನ್ನಿನಲ್ಲಿ ಹೊಡೆದು ಹಾಕಲೂ ಆಗುವುದಿಲ್ಲ. ಕಾರ್ಡನ್ನೇ ಆರಿಸುವವರಿಗೆ ನನ್ನ ಸಲಹೆ: ಆಫೀಸಿನ ಪ್ರಿಂಟರ್‌ನಲ್ಲೇ, ಸಾದಾ ಕಾಗದದ ಮೇಲೆ, ತಿಂಗಳಿಗೊಮ್ಮೆ ತೆಗೆಯಿರಿ. ನೋಡಲು ಅಷ್ಟು ಚೆಂದ ಇರಲಿಕ್ಕಿಲ್ಲ. ಮೂಲೆಯಲ್ಲಿ ‘ಪರಿಶೀಲಿಸಿದ ದಿನ’ ಎಂದು ತಾರೀಖು ಇದ್ದರೆ ಹೊಳೆಯುವ ಕಾರ್ಡಿಗಿಂತ ಅದನ್ನೇ ಜನ ನಂಬುತ್ತಾರೆ.

ಕ್ಯೂಆರ್ ಪುಟ

ಕಾಗದದಲ್ಲಿ ಆಗದ ಕೆಲಸ ಇದರಲ್ಲಿ ಸಲೀಸು. ಬೆಳಿಗ್ಗೆ ಫೋನ್ ಮಾಡಿದಾಗ ‘ಈ ವಾರ ಮುಚ್ಚಿದೆ’ ಎಂದು ತಿಳಿದರೆ ಅಲ್ಲೇ ತಿದ್ದಬಹುದು, ಎಲ್ಲ ಕೋಣೆಗಳಿಗೂ ಒಟ್ಟಿಗೆ ತಲುಪುತ್ತದೆ. ದಾರಿಯ ಲಿಂಕ್ ಒತ್ತಿದರೆ ನೇರ ಮ್ಯಾಪ್ ತೆರೆಯುತ್ತದೆ. ಹಲವು ಭಾಷೆಯ ಅತಿಥಿಗಳು ಬರುವ ಕಡೆ ಪ್ರತಿ ಭಾಷೆಗೂ ಒಂದು ಪುಟ ಇಡಬಹುದು. ಖರ್ಚೂ ಹೆಚ್ಚಿಲ್ಲ, ಹಂಚಿಕೊಂಡ ಒಂದು ಆನ್‌ಲೈನ್ ಡಾಕ್ಯುಮೆಂಟ್ ಇದ್ದರೂ ಸಾಕು.

ಆದರೆ ಸುಲಭವಾಗಿ ತಿದ್ದಬಹುದು ಅನ್ನುವುದಕ್ಕೂ ಯಾರೋ ತಿದ್ದುತ್ತಾರೆ ಅನ್ನುವುದಕ್ಕೂ ಬಹಳ ಅಂತರ ಇದೆ. ಕಾಗದ ಹಳೆಯದಾದರೆ ಮೂಲೆ ಮಡಚಿ, ಕಲೆ ಬಿದ್ದು, ತಾನೇ ಹೇಳಿಕೊಳ್ಳುತ್ತದೆ. ಪುಟ ಹಳೆಯದಾದರೆ ಗೊತ್ತೇ ಆಗುವುದಿಲ್ಲ, ಮೂರು ವರ್ಷದ ಹಿಂದಿನ ವೇಳೆಯೂ ಇವತ್ತು ಬೆಳಿಗ್ಗೆ ಹಾಕಿದಷ್ಟೇ ಹೊಸದಾಗಿ ಕಾಣುತ್ತದೆ. ಅದಕ್ಕೆ ಈ ದಾರಿ ಹಿಡಿಯುವವರು ಮೊದಲು ಒಬ್ಬರ ಹೆಸರಿಗೆ ಆ ಕೆಲಸ ಬರೆದಿಡಬೇಕು. ‘ರಿಸೆಪ್ಷನ್‌ನವರು ನೋಡಿಕೊಳ್ಳುತ್ತಾರೆ’ ಅಂದರೆ ಯಾರೂ ನೋಡುವುದಿಲ್ಲ. ‘ಸೋಮವಾರ ಬೆಳಗಿನ ಪಾಳಿಯವರು ಹತ್ತು ಗಂಟೆಗೆ ಎಲ್ಲ ಕಡೆ ಫೋನ್ ಮಾಡಿ ತಾರೀಖು ಬದಲಿಸಬೇಕು’ ಅಂದರೆ ಕೆಲಸ ನಡೆಯುತ್ತದೆ. ಪಟ್ಟಿಯಲ್ಲಿ ಎಷ್ಟು ಜಾಗ ಇರಬೇಕು ಅನ್ನುವುದನ್ನೂ ಇದೇ ನಿರ್ಧರಿಸುತ್ತದೆ. ಒಂದು ಪಾಳಿಯಲ್ಲಿ ಬಿಡುವಿನಲ್ಲಿ ಎಷ್ಟು ಫೋನ್ ಮಾಡಬಹುದೋ ಅಷ್ಟೇ ಜಾಗ. ಹತ್ತು ದಾಟಿದರೆ ಪರಿಶೀಲನೆ ನಿಲ್ಲುತ್ತದೆ.

ಇನ್ನೊಂದು ತೊಂದರೆ ಓದುವ ಗಳಿಗೆಯದು. ವಿದೇಶದಿಂದ ಆಗಷ್ಟೇ ಇಳಿದವರಿಗೆ ಡೇಟಾ ಇರುವುದಿಲ್ಲ, ನಿಮ್ಮ ಗೇಟು ದಾಟಿದ ಕೂಡಲೇ ವೈಫೈ ಹೋಗುತ್ತದೆ, ಪುಟ ತೆರೆಯುವುದಿಲ್ಲ. ‘ಹೊರಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ’ ಎಂಬ ಒಂದು ಸಾಲು ಮೇಲೆಯೇ ಇರಲಿ, ಮತ್ತು ಇಡೀ ಪುಟ ಒಂದೇ ಸ್ಕ್ರೀನ್‌ಶಾಟ್‌ನಲ್ಲಿ ಹಿಡಿಯುವಷ್ಟು ಚಿಕ್ಕದಿರಲಿ.

ಬಾಯಿಮಾತು

ದೊಡ್ಡ ಹೋಟೆಲುಗಳಲ್ಲಿ ಇದಕ್ಕೆಂದೇ ಕನ್ಸಿಯರ್ಜ್ ಇರುತ್ತಾರೆ. ಕೋಟಿನ ಕಾಲರಿನ ಮೇಲೆ ಅಡ್ಡಡ್ಡ ಎರಡು ಚಿನ್ನದ ಬಣ್ಣದ ಕೀಲಿಗಳಿದ್ದರೆ ಅವರು ‘ಲೆ ಕ್ಲೆ ದೋರ್’ ಎಂಬ ಸಂಘದವರು, ಅದರ ಮೂಲ 1929ರ ಪ್ಯಾರಿಸ್ಸಿನಲ್ಲಿದೆ. ಅವರ ಬಲ ಇರುವುದು ಪಟ್ಟಿಯಲ್ಲಲ್ಲ, ತಿರುಗಿ ಕೇಳುವ ಪ್ರಶ್ನೆಯಲ್ಲಿ: ‘ಎಷ್ಟು ಜನ ಹೊರಟಿದ್ದೀರಿ? ಯಾರಿಗಾದರೂ ಮೆಟ್ಟಿಲು ಕಷ್ಟವೇ? ವಾಪಸು ಎಷ್ಟು ಹೊತ್ತಿಗೆ ಬರಬೇಕು?’ ಮೂರು ಉತ್ತರ ಸಿಕ್ಕರೆ ಹತ್ತು ಜಾಗಗಳಲ್ಲಿ ಎಂಟು ತಾವಾಗೇ ಉದುರಿಹೋಗುತ್ತವೆ. ಕಾರ್ಡಿಗೂ ಪುಟಕ್ಕೂ ಈ ಕೆಲಸ ಬರುವುದಿಲ್ಲ.

ಈ ದಾರಿಯ ದೌರ್ಬಲ್ಯ ಜನರೇ. ಹಗಲಿನ ಪಾಳಿಯವರಿಗೆ ಗೊತ್ತಿರುವುದು ರಾತ್ರಿಯವರಿಗೆ ಗೊತ್ತಿರುವುದಿಲ್ಲ. ಅನುಭವಸ್ಥರು ಕೆಲಸ ಬಿಟ್ಟರೆ ತಿಳಿವಳಿಕೆಯೂ ಅವರ ಜೊತೆಗೇ ಹೋಗುತ್ತದೆ. ಒಂದೇ ಹೊತ್ತಿಗೆ ಐದು ಜನ ಚೆಕ್-ಇನ್‌ಗೆ ನಿಂತಿದ್ದರೆ ಪ್ರಶ್ನೆ ಕೇಳುವ ವ್ಯವಧಾನ ಇರುವುದಿಲ್ಲ, ಬಾಯಿಗೆ ಬಂದ ಹೆಸರು ಹೇಳಿ ಕಳಿಸುತ್ತಾರೆ. ಕಮಿಷನ್ ಇಣುಕುವುದೂ ಇಲ್ಲೇ. ಹೇಳಿದ ಜಾಗದಿಂದ ಹೇಳಿದವರಿಗೆ ಏನಾದರೂ ಬರುತ್ತಿದ್ದರೆ 25 ನಿಮಿಷದ ದಾರಿಯೂ ನಾಲಿಗೆಯ ಮೇಲೆ ಹತ್ತಾಗುತ್ತದೆ. ಮಾಲೀಕರು ಇದನ್ನು ಗುರುತಿಸುವುದು ಕಷ್ಟವಲ್ಲ: ಹತ್ತಿರ ಅಂಥದೇ ಎರಡು ಜಾಗ ಇದ್ದೂ ಎಲ್ಲ ಪಾಳಿಯಲ್ಲೂ ದೂರದ ಒಂದೇ ಹೆಸರು ಕೇಳಿಬರುತ್ತಿದ್ದರೆ ವಿಚಾರಿಸಬೇಕು.

ಯಾರಿಗೆ ಯಾವುದು

ನಾಲ್ಕೈದು ಕೋಣೆಯ ಹೋಮ್‌ಸ್ಟೇ ಆಗಿದ್ದು, ಅತಿಥಿಗಳನ್ನು ನೀವೇ ಬರಮಾಡಿಕೊಳ್ಳುವಿರಾದರೆ ಬಾಯಿಮಾತೇ ಮೊದಲು, ಅದರ ಜೊತೆಗೆ ಒಂದು ಖಾಲಿ ನಕ್ಷೆ ಇಟ್ಟುಕೊಳ್ಳಿ. ನಿಮ್ಮ ಮನೆ, ಮುಖ್ಯ ರಸ್ತೆ, ಸಿಗ್ನಲ್ಲು, ಪ್ರತಿ ಜಾಗಕ್ಕೂ ಕೋಣೆಯಿಂದ ಹಿಡಿಯುವ ನಿಮಿಷ ಮಾತ್ರ ಅದರಲ್ಲಿ ಇರಲಿ. ಮಾತಾಡುತ್ತಾ ಪೆನ್ನಿನಲ್ಲಿ ದಾರಿ ಎಳೆದು, ‘9:25ಕ್ಕೆ ಹೊರಡಿ’ ಎಂದು ಪಕ್ಕಕ್ಕೆ ಬರೆದು ಕೊಡಿ. ಅವರ ಕೈಗೆ ಹೋದದ್ದು ಅವರಿಗೆಂದೇ ಬರೆದ ಚೀಟಿ. ಖರ್ಚು ಒಂದು ಹಾಳೆ.

ಕೀಲಿಯನ್ನು ಡಬ್ಬಿಯಲ್ಲಿಟ್ಟು, ಅತಿಥಿಯ ಮುಖವನ್ನೇ ನೋಡದ ಬಾಡಿಗೆ ಮನೆಗಳಿಗೆ ಬಾಯಿಮಾತು ದಕ್ಕುವುದಿಲ್ಲ. ಅಲ್ಲಿ ಪುಟವೇ ಗತಿ, ಆದರೆ ಅದನ್ನು ಬರುವ ಹಿಂದಿನ ದಿನವೇ ಮೆಸೇಜಿನಲ್ಲಿ ಕಳಿಸಿ. ಆಗ ಅವರ ಬಳಿ ಡೇಟಾ ಇರುತ್ತದೆ, ಹೊತ್ತೂ ಇರುತ್ತದೆ. ತಡರಾತ್ರಿ ತಲುಪುವವರಿಗೆ ಇಡೀ ಪಟ್ಟಿ ಬೇಡ, ಆ ಹೊತ್ತಿಗೆ ತೆರೆದಿರುವ ಒಂದು ಜಾಗ ಸಾಕು. ಯಾವುದೂ ಇಲ್ಲದಿದ್ದರೆ ‘ಒಂಬತ್ತೂವರೆಯ ನಂತರ ಹತ್ತಿರದಲ್ಲಿ ಊಟ ಸಿಗುವುದಿಲ್ಲ, ದಾರಿಯಲ್ಲೇ ಮುಗಿಸಿಕೊಂಡು ಬನ್ನಿ’ ಎಂದು ಬರೆಯಿರಿ. ಎಷ್ಟೋ ಮಾಲೀಕರು ಈ ಸಾಲು ಬರೆಯಲು ಹಿಂಜರಿಯುತ್ತಾರೆ, ಬುಕಿಂಗ್ ಎಲ್ಲಿ ಕೈತಪ್ಪುತ್ತದೋ ಎಂಬ ಭಯ. ಬುಕ್ ಮಾಡಿ ಆದ ಮೇಲೆ ಇದನ್ನು ಓದಿದವರು ಉಪಕಾರವೆಂದೇ ತಿಳಿಯುತ್ತಾರೆ.

ಇಪ್ಪತ್ತು, ಮೂವತ್ತು ಕೋಣೆ ಮತ್ತು ಪಾಳಿಯ ಮೇಲೆ ಬದಲಾಗುವ ಸಿಬ್ಬಂದಿ ಇದ್ದರೆ ನಾನು ಎರಡನ್ನು ಸೇರಿಸುತ್ತೇನೆ. ದಾರಿ ಮತ್ತು ನಿಮಿಷ ಇರುವ ಕಾರ್ಡನ್ನು ಒಳ್ಳೆಯ ಕಾಗದದಲ್ಲಿ ಒಮ್ಮೆ ಅಚ್ಚು ಹಾಕಿಸಿ, ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಕೊಡುವುದು. ವೇಳೆಯನ್ನು ಅದರಲ್ಲಿ ಹಾಕದೆ, ‘ಈ ವಾರದ ವೇಳೆ’ ಎಂಬ ಒಂದೇ ಹಾಳೆಯನ್ನು ಲಿಫ್ಟಿನ ಪಕ್ಕದಲ್ಲಿ ಅಂಟಿಸುವುದು. ಅದರಲ್ಲಿ ಸಂಖ್ಯೆಯ ಮುಂದೆ ಹೊರಡಬೇಕಾದ ಹೊತ್ತು ಮತ್ತು ರಜೆಯ ದಿನ ಮಾತ್ರ. ಅದೇ ಹಾಳೆಯ ಫೋಟೊ ಕ್ಯೂಆರ್ ಹಿಂದೆ ಇದ್ದರೆ ಆಯಿತು. ರಾತ್ರಿ ಪಾಳಿಗೆ ಹೊಸದಾಗಿ ಬಂದವರೂ ಈ ಹಾಳೆ ನೋಡಿ ಧೈರ್ಯವಾಗಿ ಹೇಳಬಹುದು.

ಕಾರ್ಡಿನದೂ ಹಾಳೆಯದೂ ಸೇರಿ ಅತಿಥಿಗೆ ಸಿಗುವ ಮಾಹಿತಿ ಹೀಗಿರಬಹುದು:

1. ಮೂಲೆಯ ಊಟದ ಮನೆ: 13–16 ನಿಮಿಷ, ಹೋಗುವಾಗ ಏರು. ರಾತ್ರಿ 9:25ರೊಳಗೆ ಹೊರಡಿ. ಬುಧವಾರ ಇಲ್ಲ.
2. ಹಳೆಯ ಕೋಟೆ: 17–20 ನಿಮಿಷ, ಕೊನೆಯಲ್ಲಿ ಮೆಟ್ಟಿಲು. ಒಳಗೆ ಒಂದೂಕಾಲು ಗಂಟೆ. ಮಧ್ಯಾಹ್ನ 3:55ರೊಳಗೆ ಹೊರಡಿ. ಸೋಮವಾರ ಇಲ್ಲ.
3. ಪಾರ್ಕ್ ಆಚೆಯ ತಿಂಡಿ ಅಂಗಡಿ: ಹಗಲು 9 ನಿಮಿಷ, ಕತ್ತಲಾದ ಮೇಲೆ ಪಾರ್ಕಿನ ಗೇಟು ಹಾಕುತ್ತಾರೆ, ಸುತ್ತಿ ಬಂದರೆ 17. ಬೆಳಿಗ್ಗೆಯೇ ಹೋಗಿ.

ಹಬ್ಬ, ಸರಣಿ ರಜೆಗಳ ವಾರದಲ್ಲಿ ಈ ಹಾಳೆಯನ್ನೂ ನಂಬಬೇಡಿ. ಆಗ ಮುಚ್ಚುವವರು ಮುಂಚಿತವಾಗಿ ಹೇಳುವುದಿಲ್ಲ, ಕೆಲವರು ಬೋರ್ಡೂ ಹಾಕುವುದಿಲ್ಲ. ಆ ವಾರ ಪ್ರತಿದಿನ ಬೆಳಿಗ್ಗೆ ಫೋನ್ ಮಾಡಿ, ಕರೆ ಎತ್ತದ ಜಾಗದ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಡಿ.